ಡಿಸ್ಮಿಸಲ್ ಪತ್ರ ಬಂದ ಮೇಲೆ: ಅಪೀಲಿನಲ್ಲಿ ಸಮಿತಿ ಹುಡುಕುವುದೇನು?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್. ಓದುವವರ ಸರಾಸರಿ, ಅಂದರೆ ಜಿಪಿಎ, ಸಾಮಾನ್ಯವಾಗಿ 3.0ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಪ್ರೊಬೇಷನ್. ಸರಿಪಡಿಸಿಕೊಳ್ಳಲು ಒಂದು ಸೆಮಿಸ್ಟರ್ ಸಿಗುತ್ತದೆ, ಕೆಲವು ಕಡೆ ಎರಡು. ಆ ಅವಧಿಯಲ್ಲೂ 3.0 ಮುಟ್ಟದಿದ್ದರೆ ಓದಿನಿಂದ ತೆಗೆದುಹಾಕುವ ಡಿಸ್ಮಿಸಲ್ ಪತ್ರ ಬರುತ್ತದೆ. ಅಪೀಲು ಸಲ್ಲಿಸುವ ಕೊನೆಯ ದಿನಾಂಕ ಆ ಪತ್ರದಲ್ಲೇ ಇರುತ್ತದೆ, ಅದು ಬಹಳ ಸಲ ತಿಂಗಳಲ್ಲ, ಕೆಲವೇ ದಿನ ದೂರದಲ್ಲಿರುತ್ತದೆ.

ಆ ಕೆಲವು ದಿನಗಳಲ್ಲಿ ನಮ್ಮ ಹುಡುಗ ಹುಡುಗಿಯರು ಬರೆಯುವ ಪತ್ರಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅಪ್ಪ ಅಮ್ಮ ಮಾಡಿದ ಸಾಲ, ವೀಸಾ ಹೋಗುವ ಭಯ, ಊರಿನಲ್ಲಿ ಮುಖ ತೋರಿಸಲಾಗದ ಸಂಕಟ ಎಲ್ಲವೂ ಪತ್ರದಲ್ಲಿರುತ್ತವೆ. ಇವೆಲ್ಲ ನಿಜವೇ. ಆದರೆ ಇವು ಡಿಸ್ಮಿಸಲ್‌ನ ಪರಿಣಾಮಗಳು, ಅಂಕ ಕುಸಿದ ಕಾರಣಗಳಲ್ಲ. ಅಪೀಲು ಪರಿಶೀಲಿಸುವ ಸಮಿತಿಯ ಮುಂದಿರುವ ಪ್ರಶ್ನೆ ಬೇರೆ: ಇವರನ್ನು ಉಳಿಸಿಕೊಂಡರೆ ಕೊಟ್ಟ ಅವಧಿಯಲ್ಲಿ 3.0 ಮುಟ್ಟುವುದು ಸಾಧ್ಯವೇ, ಸಾಧ್ಯ ಎನ್ನಲು ಏನು ಆಧಾರ? ಈ ಪ್ರಶ್ನೆಗೆ ಉತ್ತರ ಲೆಕ್ಕದಿಂದ ಶುರುವಾಗಬೇಕು.

ಕೊರತೆಯ ಲೆಕ್ಕ

ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡು ಕೊನೆಯವರೆಗೆ ಹೋಗೋಣ. ವಿದ್ಯಾರ್ಥಿ ಕಂಪ್ಯೂಟರ್ ಸೈನ್ಸ್ ಎಂ.ಎಸ್.ನಲ್ಲಿದ್ದಾನೆ. ಪದವಿಗೆ 30 ಕ್ರೆಡಿಟ್ ಬೇಕು, ಅಂದರೆ ಮೂರು ಮೂರು ಕ್ರೆಡಿಟ್‌ನ ಹತ್ತು ಕೋರ್ಸ್. ಮೊದಲ ಸೆಮಿಸ್ಟರ್‌ನಲ್ಲಿ ಡೇಟಾಬೇಸ್‌ಗೆ ಬಿ, ಆಪರೇಟಿಂಗ್ ಸಿಸ್ಟಂಗೆ ಬಿ ಮೈನಸ್, ಅಲ್ಗಾರಿದಂಗೆ ಸಿ. ಎರಡನೆಯದರಲ್ಲಿ ನೆಟ್‌ವರ್ಕ್ಸ್ ಮತ್ತು ಸಾಫ್ಟ್‌ವೇರ್ ಎಂಜಿನಿಯರಿಂಗ್‌ಗೆ ಬಿ, ಮಷಿನ್ ಲರ್ನಿಂಗ್‌ಗೆ ಸಿ ಪ್ಲಸ್.

ಎ ಅಂದರೆ 4.0, ಎ ಮೈನಸ್ 3.7, ಬಿ ಪ್ಲಸ್ 3.3, ಬಿ 3.0, ಬಿ ಮೈನಸ್ 2.7, ಸಿ ಪ್ಲಸ್ 2.3, ಸಿ 2.0. (ಕೆಲವು ವಿಶ್ವವಿದ್ಯಾಲಯಗಳು 3.67, 3.33 ಎಂದು ಎಣಿಸುತ್ತವೆ, ನಿಮ್ಮಲ್ಲಿ ಯಾವುದು ಎಂದು ನೋಡಿಕೊಳ್ಳಿ.) ಪ್ರತಿ ಗ್ರೇಡನ್ನು ಮೂರು ಕ್ರೆಡಿಟ್‌ನಿಂದ ಗುಣಿಸಿ ಕೂಡಿದರೆ ಮೊದಲ ಸೆಮಿಸ್ಟರ್‌ಗೆ 23.1, ಎರಡನೆಯದಕ್ಕೆ 24.9, ಒಟ್ಟು 48 ಪಾಯಿಂಟ್. 18 ಕ್ರೆಡಿಟ್‌ನಿಂದ ಭಾಗಿಸಿದರೆ ಜಿಪಿಎ 2.67.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. 2.67 ಎಂಬ ಸಂಖ್ಯೆಯನ್ನು ನೋಡಿದರೆ ಮುಂದಿನ ದಾರಿ ಕಾಣುವುದಿಲ್ಲ. ಅದಕ್ಕಿಂತ ಕೊರತೆಯನ್ನು ಲೆಕ್ಕ ಹಾಕಿ. 18 ಕ್ರೆಡಿಟ್‌ಗೆ 3.0 ಇರಬೇಕಾದರೆ 54 ಪಾಯಿಂಟ್ ಬೇಕಿತ್ತು, ಇರುವುದು 48, ಕೊರತೆ 6. ಇನ್ನು ಮುಂದೆ ಮೂರು ಕ್ರೆಡಿಟ್‌ನ ಕೋರ್ಸ್ ಒಂದರಲ್ಲಿ ಎ ಬಂದರೆ ಕೊರತೆಯಲ್ಲಿ 3 ತೀರುತ್ತದೆ. ಎ ಮೈನಸ್ 2.1 ತೀರಿಸುತ್ತದೆ, ಬಿ ಪ್ಲಸ್ 0.9. ಬಿ ಬಂದರೆ ಏನೂ ತೀರುವುದಿಲ್ಲ, ಬಿ ಮೈನಸ್ ಬಂದರೆ ಸಾಲ 0.9 ಏರುತ್ತದೆ. "ಎಲ್ಲದರಲ್ಲೂ ಬಿ ತೆಗೆದರೆ ಸಾಕಲ್ಲವೇ" ಎಂದು ಎಷ್ಟೋ ಮಂದಿ ನಂಬಿರುತ್ತಾರೆ. ಬರೀ ಬಿ ತೆಗೆಯುತ್ತ ಹೋದರೆ ಸರಾಸರಿ 3.0ರ ಹತ್ತಿರ ಹತ್ತಿರ ಹೋಗುತ್ತದೆಯೇ ಹೊರತು ಎಂದೂ ಮುಟ್ಟುವುದಿಲ್ಲ.

ಈ ವಿದ್ಯಾರ್ಥಿಗೆ ಉಳಿದಿರುವುದು 12 ಕ್ರೆಡಿಟ್, ನಾಲ್ಕು ಕೋರ್ಸ್. ಮುಂದಿನ ಒಂದೇ ಸೆಮಿಸ್ಟರ್‌ನ ಮೂರು ಕೋರ್ಸ್‌ಗಳಲ್ಲಿ ಕೊರತೆ ತೀರಿಸಬೇಕೆಂದರೆ ಎರಡು ಎ, ಒಂದು ಬಿ ಅಥವಾ ಅದಕ್ಕೆ ಸಮನಾದ ಗ್ರೇಡ್‌ಗಳು ಬೇಕು. ಇದುವರೆಗೆ ಒಂದೂ ಎ ಬಾರದವನು ಎರಡು ಎ ತರುತ್ತೇನೆ ಎಂದರೆ ಸಮಿತಿ ಹುಬ್ಬೇರಿಸುವುದು ಸಹಜ. ಎರಡು ಸೆಮಿಸ್ಟರ್ ಕೇಳಿದರೆ ಚಿತ್ರ ಬದಲಾಗುತ್ತದೆ: ಮೊದಲನೆಯದರಲ್ಲಿ ಎ ಮೈನಸ್, ಬಿ ಪ್ಲಸ್, ಬಿ ಬಂದರೆ ಆ ಸೆಮಿಸ್ಟರ್‌ನ ಜಿಪಿಎ 3.33, ಕೊರತೆ 6ರಿಂದ 3ಕ್ಕೆ ಇಳಿಯುತ್ತದೆ. ಕೊನೆಯ ಕೋರ್ಸ್‌ನಲ್ಲಿ ಎ ಬಂದರೆ 30 ಕ್ರೆಡಿಟ್‌ಗೆ ಸರಿಯಾಗಿ 90 ಪಾಯಿಂಟ್. ಆದರೂ ಇದರಲ್ಲಿ ಉಸಿರಾಡಲು ಜಾಗವಿಲ್ಲ, ಎಲ್ಲೋ ಒಂದು ಗ್ರೇಡ್ ಜಾರಿದರೆ ಮುಗಿಯಿತು. ಆದ್ದರಿಂದ ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಹೆಚ್ಚುವರಿ ಕೋರ್ಸ್ ತೆಗೆದುಕೊಳ್ಳುವ ಪರ್ಯಾಯವನ್ನೂ ಪತ್ರದಲ್ಲೇ ಬರೆಯಬೇಕು. ಆಗ ಅದೇ 6ರ ಕೊರತೆಯನ್ನು ನಾಲ್ಕರ ಬದಲು ಐದು ಕೋರ್ಸ್‌ಗಳು ಹೊರುತ್ತವೆ, ಬೇಕಾದ ಸರಾಸರಿ 3.5ರಿಂದ 3.4ಕ್ಕೆ ಇಳಿಯುತ್ತದೆ. ಆ ಕೋರ್ಸ್‌ನ ಶುಲ್ಕ ಎಲ್ಲಿಂದ ಬರುತ್ತದೆ ಎಂಬುದನ್ನೂ ಸೇರಿಸಬೇಕು.

ಸಿ ಬಂದ ಅಲ್ಗಾರಿದಂ ಕೋರ್ಸನ್ನೇ ಮತ್ತೆ ಓದಿದರೆ? ಕರ್ನಾಟಕದಲ್ಲಿ ಎಂಜಿನಿಯರಿಂಗ್ ಮುಗಿಸಿ ಹೋದವರು ಇಲ್ಲಿ ಎಡವುತ್ತಾರೆ. ನಮ್ಮಲ್ಲಿ ಬ್ಯಾಕ್ ಉಳಿದ ವಿಷಯವನ್ನು ಮತ್ತೆ ಬರೆದು ಪಾಸು ಮಾಡಿದರೆ ಆ ಬಾಕಿ ತೀರಿತು. ಅಲ್ಲಿನ ಅನೇಕ ಗ್ರ್ಯಾಜುಯೇಟ್ ಸ್ಕೂಲ್‌ಗಳಲ್ಲಿ ಹಳೆಯ ಗ್ರೇಡ್ ಅಳಿಸುವುದಿಲ್ಲ, ಎರಡೂ ಸರಾಸರಿಗೆ ಸೇರುತ್ತವೆ. ಹಳೆಯದರ ಜಾಗಕ್ಕೆ ಹೊಸದು ಬರುವ ನಿಯಮವಿದ್ದರೆ ಸಿ ಹೋಗಿ ಎ ಬಂದಾಗ 18 ಕ್ರೆಡಿಟ್‌ಗೆ 54 ಆಗಿ ಕೊರತೆ ಪೂರ್ತಿ ತೀರುತ್ತದೆ. ಎರಡೂ ಸೇರುವ ನಿಯಮವಿದ್ದರೆ 21 ಕ್ರೆಡಿಟ್‌ಗೆ 60, ಅಂದರೆ 2.86 ಮಾತ್ರ. ಕ್ಯಾಟಲಾಗ್‌ನಲ್ಲಿ ನಿಮ್ಮ ವಿಭಾಗದ ನಿಯಮ ಓದದೆ ಈ ಯೋಜನೆ ಮಾಡಬೇಡಿ. ಕೆಲವು ವಿಭಾಗಗಳು ಪದವಿಗೆ ಎಷ್ಟು ಸಿ ಲೆಕ್ಕಕ್ಕೆ ಬರಬಹುದು ಎಂಬುದಕ್ಕೂ ಮಿತಿ ಇಟ್ಟಿರುತ್ತವೆ. ಮಿತಿ ಎರಡಾಗಿದ್ದರೆ ನಮ್ಮ ವಿದ್ಯಾರ್ಥಿ ಈಗಾಗಲೇ ಅಂಚಿನಲ್ಲಿ ನಿಂತಿದ್ದಾನೆ, ಅದನ್ನು ಪತ್ರದಲ್ಲಿ ತಾನೇ ಹೇಳಿಬಿಡುವುದು ಒಳ್ಳೆಯದು.

ಕಾರಣಕ್ಕೂ ಪರಿಹಾರಕ್ಕೂ ಗಂಟು

ಅಮೆರಿಕದ ಸರ್ಕಾರಿ ಶಿಕ್ಷಣ ನೆರವು ಪಡೆಯುವ ವಿದ್ಯಾರ್ಥಿಗಳಿಗೆ ಇನ್ನೊಂದು ಬಗೆಯ ಅಪೀಲು ಇದೆ. ಅದರ ನಿಯಮ ಎರಡೇ ವಿಷಯ ಕೇಳುತ್ತದೆ: ಪ್ರಗತಿ ಏಕೆ ಸಾಧಿಸಲಿಲ್ಲ, ಮುಂದಿನ ಪರಿಶೀಲನೆಯ ಹೊತ್ತಿಗೆ ಸಾಧಿಸಲು ಈಗ ಏನು ಬದಲಾಗಿದೆ. ಅಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ಈ ನೆರವು ಇದ್ದರೆ, ಅದರ ಅಪೀಲು ಬೇರೆ, ಡಿಸ್ಮಿಸಲ್ ಅಪೀಲು ಬೇರೆ ಎಂಬುದು ನೆನಪಿರಲಿ. ಒಂದು ಗೆದ್ದರೆ ಇನ್ನೊಂದು ತಾನಾಗಿ ಗೆಲ್ಲುವುದಿಲ್ಲ. ವೀಸಾದಲ್ಲಿ ಹೋದವರಿಗೆ ಈ ನೆರವು ಅನ್ವಯವಾಗದಿದ್ದರೂ ಆ ಎರಡು ಪ್ರಶ್ನೆಗಳು ಎಲ್ಲ ಅಪೀಲಿಗೂ ಒಳ್ಳೆಯ ಅಳತೆಗೋಲು.

ನಮ್ಮ ವಿದ್ಯಾರ್ಥಿಯ ಸಂಗತಿಗೆ ಬರೋಣ. ಕ್ಯಾಂಪಸ್‌ನ ಊಟದ ಹಾಲ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸ, ಅದು ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ತರಗತಿ ನಡೆಯುವ ಕಾಲದಲ್ಲಿ ಇರುವ ಗರಿಷ್ಠ ಮಿತಿ. ವಾರದಲ್ಲಿ ನಾಲ್ಕು ದಿನ ರಾತ್ರಿ ಪಾಳಿ, ಮರುದಿನ ಬೆಳಗ್ಗೆ ಅಲ್ಗಾರಿದಂ ತರಗತಿ. ಇದು ಒಂದು ಕಾರಣ. ಇನ್ನೊಂದು, ಸಂಭವನೀಯತೆಯ ಗಣಿತ ಗಟ್ಟಿ ಇಲ್ಲದಿರುವುದು. ಅಲ್ಗಾರಿದಂ, ಮಷಿನ್ ಲರ್ನಿಂಗ್ ಎರಡರಲ್ಲೂ ಅಂಕ ಹೋದದ್ದು ಅಲ್ಲೇ. ಕೆಲಸದ ಸಮಯಪಟ್ಟಿಯನ್ನೂ ಪ್ರತಿ ಕೋರ್ಸ್‌ನ ಹೋಂವರ್ಕ್, ಮಿಡ್‌ಟರ್ಮ್, ಫೈನಲ್ ಅಂಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಂಥ ಕಾರಣಗಳು ತಾವೇ ಕಾಣುತ್ತವೆ. ಹೋಂವರ್ಕ್ ಚೆನ್ನಾಗಿದ್ದು ಪರೀಕ್ಷೆ ಕೆಟ್ಟಿದ್ದರೆ ರೋಗ ಒಂದು, ಹೋಂವರ್ಕನ್ನೇ ಸಲ್ಲಿಸದಿದ್ದರೆ ರೋಗ ಬೇರೆ.

ಈಗ ಎರಡು ವಾಕ್ಯಗಳನ್ನು ಹೋಲಿಸಿ. "ಕೆಲಸದ ಒತ್ತಡದಿಂದ ಓದಲು ಆಗಲಿಲ್ಲ, ಇನ್ನು ಮುಂದೆ ಸಮಯವನ್ನು ಚೆನ್ನಾಗಿ ಬಳಸಿಕೊಂಡು ಕಷ್ಟಪಟ್ಟು ಓದುತ್ತೇನೆ." ಇದರಲ್ಲಿ ಸಮಿತಿ ಪರಿಶೀಲಿಸಬಹುದಾದದ್ದು ಏನೂ ಇಲ್ಲ. "ವಾರದ 20 ಗಂಟೆ ಕೆಲಸವನ್ನು ಆಗಸ್ಟ್‌ನಿಂದ 8 ಗಂಟೆಗೆ ಇಳಿಸಿದ್ದೇನೆ, ಎಲ್ಲವೂ ಶನಿವಾರ ಭಾನುವಾರ ಹಗಲು, ಮೇಲ್ವಿಚಾರಕರು ಒಪ್ಪಿದ ಇಮೇಲ್ ಜೊತೆಗಿದೆ." ಇಲ್ಲಿ ಬದಲಾವಣೆ ಆಗಿಹೋಗಿದೆ, ಪುರಾವೆಯೂ ಇದೆ.

ಆದರೆ ಸಂಬಳ ಕಡಿಮೆಯಾದರೆ ಬಾಡಿಗೆ ಹೇಗೆ ಕಟ್ಟುತ್ತಾನೆ? ಸಮಿತಿಯಲ್ಲಿ ಯಾರಾದರೂ ಇದನ್ನು ಯೋಚಿಸಿಯೇ ಯೋಚಿಸುತ್ತಾರೆ. ಗಂಟೆಗೆ 15 ಡಾಲರ್ ಎಂದಿಟ್ಟುಕೊಂಡರೂ ವಾರಕ್ಕೆ 12 ಗಂಟೆ ಕಡಿತ ಅಂದರೆ 180 ಡಾಲರ್, 16 ವಾರಕ್ಕೆ 2,880 ಡಾಲರ್. ಊರಿನ ಬ್ಯಾಂಕಿನ ಶಿಕ್ಷಣ ಸಾಲದಲ್ಲಿ ಇನ್ನೂ ಬಿಡುಗಡೆಯಾಗದ ಕಂತು ಇದ್ದು, ಅದರಲ್ಲಿ ವಾಸದ ಖರ್ಚಿಗೂ ಅವಕಾಶವಿದ್ದರೆ ಬ್ಯಾಂಕಿನಿಂದ ಒಂದು ಪತ್ರ ತರಿಸಿ ಲಗತ್ತಿಸಬೇಕು. ಈ ಒಂದು ಪುಟ ಇಲ್ಲದ ಕಾರಣಕ್ಕೆ ಒಳ್ಳೆಯ ಯೋಜನೆಯೂ ನಂಬಲಾಗದಂತೆ ಕಾಣುತ್ತದೆ, ಏಕೆಂದರೆ ಅಕ್ಟೋಬರ್‌ನಲ್ಲಿ ಕೈಯಲ್ಲಿ ಹಣವಿಲ್ಲದಾಗ ವಿದ್ಯಾರ್ಥಿ ಮತ್ತೆ ರಾತ್ರಿ ಪಾಳಿಗೆ ಹೋಗುತ್ತಾನೆ ಎಂದು ಓದುವವರಿಗೆ ಗೊತ್ತು.

ಗಣಿತದ ಕಾರಣಕ್ಕೆ ಪರಿಹಾರವೂ ಗಣಿತದ್ದೇ ಆಗಿರಬೇಕು. ಬೇಸಿಗೆ ರಜೆಯಲ್ಲಿ ಸಂಭವನೀಯತೆಯ ಪದವಿ ಮಟ್ಟದ ಪಠ್ಯವನ್ನು ಯಾವ ಅಧ್ಯಾಯದಿಂದ ಯಾವ ಅಧ್ಯಾಯದವರೆಗೆ ಮುಗಿಸುತ್ತಾನೆ, ಟ್ಯೂಟರಿಂಗ್ ಕೇಂದ್ರದಲ್ಲಿ ಯಾವ ದಿನ ಯಾವ ಗಂಟೆ ಕಾಯ್ದಿರಿಸಿದ್ದಾನೆ ಎಂದು ಬರೆಯಬೇಕು. ಕೋರ್ಸ್ ಆಯ್ಕೆಯಲ್ಲೂ ಅದು ಕಾಣಬೇಕು: ಗಣಿತ ಭಾರವಿರುವ ಕೋರ್ಸ್ ಒಂದೇ, ಉಳಿದೆರಡು ಪ್ರಾಜೆಕ್ಟ್ ಆಧಾರಿತವಾದವು. ಬೇಗ ಮುಗಿಸುವ ಆತುರದಲ್ಲಿ 12 ಕ್ರೆಡಿಟ್ಟನ್ನೂ ಒಂದೇ ಸೆಮಿಸ್ಟರ್‌ಗೆ ತುಂಬುವುದು ಬಹಳ ದೊಡ್ಡ ತಪ್ಪು. ಪ್ರತಿ ಕ್ರೆಡಿಟ್‌ಗೆ ತರಗತಿಯ ಹೊರಗೆ ವಾರಕ್ಕೆ ಎರಡರಿಂದ ಮೂರು ಗಂಟೆ ಓದು ಎಂಬುದು ಅಲ್ಲಿನ ರೂಢಿಯ ಲೆಕ್ಕ. ಒಂಬತ್ತು ಕ್ರೆಡಿಟ್ ಅಂದರೆ ತರಗತಿ ಸೇರಿ 27ರಿಂದ 36 ಗಂಟೆ. ಹಿಂದೆ ಅದರ ಮೇಲೆ 20 ಗಂಟೆ ಕೆಲಸವಿತ್ತು, ಈಗ 8. ಪತ್ರದ ಜೊತೆ ಒಂದು ವಾರದ ವೇಳಾಪಟ್ಟಿ ಇಟ್ಟರೆ ಅದರಲ್ಲಿ ನಿದ್ದೆಗೂ ಅಡುಗೆಗೂ ಬಸ್ಸಿಗೂ ಜಾಗ ಇರಲಿ. ಬೆಳಗ್ಗೆ 6ರಿಂದ ರಾತ್ರಿ 12ರವರೆಗೆ ಓದು ಎಂದು ಬರೆದ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಅಡ್ವೈಸರ್ ಪತ್ರದಲ್ಲಿ ಏನಿರಬೇಕು

"ಈ ವಿದ್ಯಾರ್ಥಿ ಪ್ರಾಮಾಣಿಕ, ಶ್ರಮಜೀವಿ, ದಯವಿಟ್ಟು ಇನ್ನೊಂದು ಅವಕಾಶ ಕೊಡಿ" ಎಂದು ಅಡ್ವೈಸರ್, ಅಂದರೆ ಓದಿಗೆ ಸಲಹೆ ಕೊಡುವ ಪ್ರೊಫೆಸರ್, ಬರೆದ ಪತ್ರದಿಂದ ಸಮಿತಿಗೆ ಹೊಸದೇನೂ ತಿಳಿಯುವುದಿಲ್ಲ. ಅವರಿಗೆ ಬೇಕಿರುವುದು, ಯೋಜನೆಯನ್ನು ವಿಭಾಗದ ಒಳಗಿನವರೊಬ್ಬರು ಕೂತು ನೋಡಿದ್ದಾರೆ ಎಂಬ ಖಾತರಿ. ಒಳ್ಳೆಯ ಪತ್ರ ಹೀಗೆ ಹೇಳುತ್ತದೆ: ಇಂಥ ದಿನ ಭೇಟಿಯಾಗಿ ಕೊರತೆಯ ಲೆಕ್ಕ ನೋಡಿದೆ, ಅದು ಸರಿಯಿದೆ, ಈ ಮೂರು ಕೋರ್ಸ್‌ಗಳು ಬರುವ ಸೆಮಿಸ್ಟರ್‌ನಲ್ಲಿ ನಿಜವಾಗಿ ನಡೆಯುತ್ತವೆ, ಪದವಿಯ ಅಗತ್ಯಕ್ಕೂ ಹೊಂದುತ್ತವೆ, ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಭೇಟಿಯಾಗುತ್ತೇನೆ, ಮಿಡ್‌ಟರ್ಮ್‌ನಲ್ಲಿ ಅಂಕ ಇಂತಿಷ್ಟಕ್ಕಿಂತ ಕೆಳಗಿದ್ದರೆ ಹೀಗೆ ಮಾಡಲು ಒಪ್ಪಿಕೊಂಡಿದ್ದೇವೆ. ವಿದ್ಯಾರ್ಥಿಯ ಪತ್ರದಲ್ಲಿರುವ ಸಂಖ್ಯೆಗಳೂ ಅಡ್ವೈಸರ್ ಪತ್ರದ ಸಂಖ್ಯೆಗಳೂ ಒಂದೇ ಆಗಿರಬೇಕು. ವಿದ್ಯಾರ್ಥಿ ಎರಡು ಸೆಮಿಸ್ಟರ್ ಕೇಳಿ ಅಡ್ವೈಸರ್ ಒಂದು ಎಂದು ಬರೆದಿದ್ದರೆ, ಇಬ್ಬರೂ ಕೂತು ಮಾತಾಡಿಲ್ಲ ಎಂಬುದು ಅಲ್ಲೇ ಬಯಲಾಗುತ್ತದೆ.

ಅಂಥ ಪತ್ರ ಬೇಕಿದ್ದರೆ ಕೊನೆಯ ರಾತ್ರಿ ಇಮೇಲ್ ಕಳಿಸಿ ಪ್ರಯೋಜನವಿಲ್ಲ. ಡಿಸ್ಮಿಸಲ್ ಪತ್ರ ಬಂದ ಒಂದೆರಡು ದಿನದೊಳಗೆ ಭೇಟಿಗೆ ಸಮಯ ಕೇಳಿ. ಹೋಗುವಾಗ ಕೈಯಲ್ಲಿ ಟ್ರಾನ್ಸ್‌ಕ್ರಿಪ್ಟ್, ಕೊರತೆಯ ಲೆಕ್ಕ, ಕೋರ್ಸ್‌ಗಳ ಕರಡು ಪಟ್ಟಿ ಇರಲಿ. ನಾಚಿಕೆಯಿಂದ ತಲೆ ತಗ್ಗಿಸಿ "ಏನು ಮಾಡಲಿ ಸರ್" ಎಂದು ಕೂತರೆ ಅವರಿಗೂ ಬರೆಯಲು ಏನೂ ಸಿಗುವುದಿಲ್ಲ. ಅವರು ಯೋಜನೆಯನ್ನು ಕತ್ತರಿಸಿ ತಿದ್ದಿದರೆ ಬೇಸರಪಡಬೇಡಿ, ತಿದ್ದಿದ ಯೋಜನೆಯನ್ನೇ ಅವರು ಬೆಂಬಲಿಸಬಲ್ಲರು. ಬೇಸಿಗೆಯಲ್ಲಿ ಪ್ರೊಫೆಸರ್ ಊರಲ್ಲಿ ಇಲ್ಲದಿದ್ದರೆ ವಿಭಾಗದ ಗ್ರ್ಯಾಜುಯೇಟ್ ಪ್ರೋಗ್ರಾಂ ಡೈರೆಕ್ಟರ್ ಅಥವಾ ಕಚೇರಿಯ ಸಂಯೋಜಕರನ್ನು ಕೇಳಿ.

ಖಿನ್ನತೆ, ಕಾಯಿಲೆ ಅಥವಾ ಮನೆಯಲ್ಲಿ ಸಾವು ಕಾರಣವಾಗಿದ್ದರೆ ಕೌನ್ಸೆಲಿಂಗ್ ಕೇಂದ್ರದ ಪತ್ರವೂ ಬೇಕಾಗುತ್ತದೆ. ಅಲ್ಲಿ ಹೇಳಿಕೊಂಡ ವಿಷಯ ಗೋಪ್ಯ, ನೀವು ಲಿಖಿತ ಒಪ್ಪಿಗೆ ಕೊಡದೆ ಅವರು ಏನನ್ನೂ ಹೊರಗೆ ಹೇಳುವುದಿಲ್ಲ. ನೀವು ನಿಯಮಿತವಾಗಿ ಬರುತ್ತಿದ್ದೀರಿ, ಮುಂದೆಯೂ ಬರಲಿದ್ದೀರಿ ಎಂಬ ಎರಡು ಸಾಲಿಗಷ್ಟೇ ಒಪ್ಪಿಗೆ ಕೊಡಬಹುದು. ಕಾಯಿಲೆಯ ಹೆಸರೂ ವಿವರವೂ ಸಮಿತಿಗೆ ಬೇಕಿಲ್ಲ, ಅದು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಓದಿಗೆ ಅಡ್ಡಿಯಾಯಿತು, ಈಗ ಚಿಕಿತ್ಸೆ ನಡೆಯುತ್ತಿದೆಯೇ ಎಂಬುದು ಬೇಕು. ಅಂದಹಾಗೆ, ಅಪ್ಪ ಅಮ್ಮ ಇಲ್ಲಿಂದ ಅಡ್ವೈಸರ್‌ಗೆ ಫೋನ್ ಮಾಡಿದರೆ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಅವರು ಅಂಕಗಳ ಬಗ್ಗೆ ಮಾತಾಡುವುದಿಲ್ಲ. ಅದು ಒರಟುತನವಲ್ಲ, ವಿದ್ಯಾರ್ಥಿಗಳ ದಾಖಲೆ ಕಾಪಾಡುವ ಕಾನೂನು ಅಲ್ಲಿ ಹಾಗಿದೆ.

ವೀಸಾದ ಎಳೆ

ಎಫ್-1 ವಿದ್ಯಾರ್ಥಿ ಅಪೀಲು ಬರೆಯುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ವೀಸಾ ದಾಖಲೆ ನೋಡಿಕೊಳ್ಳುವ ಅಧಿಕಾರಿ ಡಿಎಸ್‌ಒ ಅವರನ್ನು ಕಾಣಬೇಕು. ಕೇಳಬೇಕಾದ್ದು ಇಷ್ಟು: ಅಪೀಲು ಬಾಕಿ ಇರುವಾಗ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ನಲ್ಲಿ ನನ್ನ ದಾಖಲೆ ಸಕ್ರಿಯವಾಗಿರುತ್ತದೆಯೇ, ಯಾವ ದಿನದವರೆಗೆ? ಅಪೀಲು ತಿರಸ್ಕೃತವಾದರೆ ಬೇರೆ ವಿಶ್ವವಿದ್ಯಾಲಯಕ್ಕೆ ದಾಖಲೆ ವರ್ಗಾಯಿಸಲು ಎಷ್ಟು ಸಮಯ ಸಿಗುತ್ತದೆ? ಪದವಿ ಮುಗಿಸಿದವರಿಗೆ ದೇಶ ಬಿಡಲು 60 ದಿನ, ಡಿಎಸ್‌ಒ ಒಪ್ಪಿಗೆ ಪಡೆದು ನಡುವೆ ಬಿಟ್ಟವರಿಗೆ 15 ದಿನ ಇದೆ. ವೀಸಾ ಸ್ಥಾನಮಾನ ಉಳಿಸಿಕೊಳ್ಳದೆ ದಾಖಲೆ ರದ್ದಾದವರಿಗೆ ಅಂಥ ದಿನಗಳೇ ಇಲ್ಲ. ಆದ್ದರಿಂದ ಉತ್ತರ ಬರುವವರೆಗೆ ಸುಮ್ಮನೆ ಕಾಯುವುದು ಅಪಾಯ.

ಯೋಜನೆಯ ಅವಧಿಯನ್ನೂ ವೀಸಾ ನಿಯಮ ಕಟ್ಟಿಹಾಕುತ್ತದೆ. ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲಿರುವ ಮುಕ್ತಾಯದ ದಿನಾಂಕ ವಿಸ್ತರಿಸಲು ಪ್ರೊಬೇಷನ್ ಅಥವಾ ಅಮಾನತಿನಿಂದಾದ ವಿಳಂಬ ಒಪ್ಪಿತ ಕಾರಣವಲ್ಲ ಎಂದು ನಿಯಮದಲ್ಲೇ ಬರೆದಿದೆ. ನಮ್ಮ ವಿದ್ಯಾರ್ಥಿಯ ಯೋಜನೆ 9, 9, 9, 3 ಕ್ರೆಡಿಟ್‌ಗಳಂತೆ ನಾಲ್ಕು ಸೆಮಿಸ್ಟರ್‌ನಲ್ಲಿ ಮುಗಿಯುತ್ತದೆ. ಐ-20 ಎರಡು ವರ್ಷದ್ದಾಗಿದ್ದರೆ ವಿಸ್ತರಣೆಯ ಪ್ರಶ್ನೆಯೇ ಏಳುವುದಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಉಳಿದ ಒಂದೇ ಕೋರ್ಸ್ ಓದಲು ಡಿಎಸ್‌ಒ ಮುಂಚಿತವಾಗಿ ಅನುಮತಿ ಕೊಡಬೇಕು. ಇದನ್ನೆಲ್ಲ ಅವರಿಗೆ ತೋರಿಸಿ, ಯೋಜನೆ ಪೂರ್ಣಾವಧಿ ನಿಯಮಕ್ಕೆ ಹೊಂದುತ್ತದೆ ಎಂಬ ಒಂದು ಸಾಲಿನ ಇಮೇಲ್ ಪಡೆದು ಲಗತ್ತಿಸಿ.

ಸೆಮಿಸ್ಟರ್ ನಡುವೆ ಕೋರ್ಸ್ ಕೈಬಿಡುವ ಆಲೋಚನೆಗೂ ಇದೇ ಎಚ್ಚರ ಬೇಕು. ಸಿ ಬರುವ ಲಕ್ಷಣವಿದ್ದರೆ ಕೋರ್ಸ್ ಬಿಡುವುದು ಜಿಪಿಎಗೆ ಒಳ್ಳೆಯದು, ಆದರೆ 9 ಕ್ರೆಡಿಟ್ 6 ಆಗಿ ಪೂರ್ಣಾವಧಿಗಿಂತ ಕೆಳಗಿಳಿದರೆ ವೀಸಾ ಸ್ಥಾನಮಾನ ಹೋಗುತ್ತದೆ. ಬಿಡುವ ಮೊದಲು ಡಿಎಸ್‌ಒ ಅನುಮತಿ ಬೇಕು, ಬಿಟ್ಟ ಮೇಲೆ ಅಲ್ಲ.

ಇನ್ನೊಂದು ಮಾತು. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ದುಡಿದದ್ದು ನಿಜವಾದ ಕಾರಣವಾಗಿದ್ದರೆ, ಅದನ್ನು ಅಪೀಲಿನಲ್ಲಿ ಬರೆಯುವ ಮೊದಲು ವಲಸೆ ಕಾನೂನಿನ ವಕೀಲರನ್ನು ಕಾಣಿ. ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟದ್ದು ದಾಖಲೆಯಾಗುತ್ತದೆ. ಸುಳ್ಳು ಕಾರಣ ಹೆಣೆಯುವುದೂ ಬೇಡ, ನಕಲಿ ವೈದ್ಯಕೀಯ ಪ್ರಮಾಣಪತ್ರವಂತೂ ಶಿಸ್ತುಕ್ರಮಕ್ಕೆ ನೇರ ದಾರಿ.

ಪತ್ರದ ಕೊನೆಯ ರೂಪ

ಪತ್ರ ಒಂದೂವರೆ ಪುಟ ಸಾಕು. ಮೊದಲ ಪ್ಯಾರಾದಲ್ಲೇ ಬೇಡಿಕೆ ಸ್ಪಷ್ಟವಾಗಿರಲಿ: ಎರಡು ಸೆಮಿಸ್ಟರ್‌ಗೆ ಪ್ರೊಬೇಷನ್ ಮುಂದುವರಿಸಿ, ಮೊದಲನೆಯದರಲ್ಲಿ ನನ್ನ ಜಿಪಿಎ 3.3ಕ್ಕಿಂತ ಕಡಿಮೆ ಬಂದರೆ ಅಲ್ಲಿಗೇ ನಿಲ್ಲಿಸಬಹುದು. ತನಗೆ ತಾನೇ ಷರತ್ತು ಹಾಕಿಕೊಂಡ ಬೇಡಿಕೆಯನ್ನು ಒಪ್ಪುವುದು ಸಮಿತಿಗೆ ಸುಲಭ, ಅವರು ಕೊಡಬೇಕಾದದ್ದು ಇಡೀ ಎರಡು ಸೆಮಿಸ್ಟರ್ ಅಲ್ಲ, ಮೊದಲ ಹೆಜ್ಜೆಗೆ ಒಪ್ಪಿಗೆ ಮಾತ್ರ. ಅಪೀಲು ಗೆದ್ದರೆ ಅವರು ಕೊಡುವ ಉತ್ತರದಲ್ಲಿ ಇಂಥ ಷರತ್ತುಗಳೇ ಇರುತ್ತವೆ, ಕೆಲವೊಮ್ಮೆ ಇನ್ನೂ ಬಿಗಿಯಾದವು.

ಆಮೇಲೆ ಕಾರಣ ಒಂದು ಪ್ಯಾರಾ. ಅದರಲ್ಲಿ ಯಾವ ಪ್ರೊಫೆಸರ್ ಬಗ್ಗೆಯೂ ದೂರು ಬೇಡ. ಗ್ರೇಡ್ ಅನ್ಯಾಯವಾಗಿದೆ ಎನಿಸಿದರೆ ಗ್ರೇಡ್ ಅಪೀಲು ಎಂಬ ಬೇರೆಯೇ ದಾರಿ ಇದೆ, ಅದಕ್ಕೆ ಬೇರೆ ಗಡುವೂ ಇದೆ. ಪ್ರೊಬೇಷನ್ ಸೆಮಿಸ್ಟರ್‌ನಲ್ಲಿ ಏನು ಮಾಡಿದೆ, ಅದು ಏಕೆ ಸಾಲಲಿಲ್ಲ ಎಂದು ಹೇಳುವುದನ್ನು ಮರೆಯಬೇಡಿ. ಪ್ರೊಬೇಷನ್ ಎಂಬುದು ಒಂದು ಅವಕಾಶವೇ ಆಗಿತ್ತು, ಅದು ಸಿಕ್ಕಿಯೂ ಏಕೆ ಸುಧಾರಿಸಲಿಲ್ಲ ಎಂಬ ಪ್ರಶ್ನೆ ಸಮಿತಿಯ ಮೊದಲ ಪ್ರಶ್ನೆ. ನಮ್ಮ ವಿದ್ಯಾರ್ಥಿಯ ಉತ್ತರ ಸರಳ: ಪ್ರೊಬೇಷನ್ ಬಂದ ಮೇಲೂ ಕೆಲಸದ ಗಂಟೆ ಇಳಿಸಲಿಲ್ಲ, ಅಡ್ವೈಸರ್ ಹತ್ತಿರ ಹೋಗಲಿಲ್ಲ. ಇದನ್ನು ಒಪ್ಪಿಕೊಂಡು ಬರೆದ ವಾಕ್ಯಕ್ಕೆ ತೂಕವಿದೆ, ಏಕೆಂದರೆ ಅದೇ ಎರಡು ಸಂಗತಿಗಳು ಈ ಸಲ ಬದಲಾಗಿವೆ, ಲಗತ್ತಿನಲ್ಲಿ ಪುರಾವೆ ಇದೆ.

ಕೊನೆಗೆ, ಎಡವಿದರೆ ಯಾವಾಗ ಗೊತ್ತಾಗುತ್ತದೆ ಎಂಬುದನ್ನು ದಿನಾಂಕದೊಂದಿಗೆ ಬರೆಯಿರಿ. ನಾಲ್ಕನೇ ವಾರ ಮೊದಲ ಹೋಂವರ್ಕ್‌ಗಳ ಅಂಕ, ಎಂಟನೇ ವಾರ ಮಿಡ್‌ಟರ್ಮ್, ಕೋರ್ಸ್ ಕೈಬಿಡುವ ಕೊನೆಯ ದಿನಕ್ಕೆ ಒಂದು ವಾರ ಮೊದಲು ಅಡ್ವೈಸರ್ ಜೊತೆ ಭೇಟಿ. ಯಾವುದೇ ಕೋರ್ಸ್‌ನಲ್ಲಿ ಬಿ ಮಟ್ಟಕ್ಕಿಂತ ಕೆಳಗಿದ್ದರೆ ಆ ವಾರವೇ ಬಾಕಿ ಉಳಿದ ಕೆಲಸದ 8 ಗಂಟೆಯನ್ನೂ ನಿಲ್ಲಿಸಿ ಟ್ಯೂಟರಿಂಗನ್ನು ವಾರಕ್ಕೆ ಎರಡು ಸಲಕ್ಕೆ ಏರಿಸುವುದು. ಲಗತ್ತುಗಳಿಗೆ ಸಂಖ್ಯೆ ಕೊಡಿ, ಪತ್ರದ ಒಳಗೆ ಆ ಸಂಖ್ಯೆಯಿಂದಲೇ ಅವನ್ನು ಸೂಚಿಸಿ, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಗಡುವಿನ ಹಿಂದಿನ ದಿನ ಕಳಿಸಿ, ತಲುಪಿದೆ ಎಂಬ ಉತ್ತರ ಬರುವವರೆಗೆ ಇಮೇಲ್ ನೋಡುತ್ತಿರಿ.